ನೈಟ್ರೋಜನ್ ಚಕ್ರದ ಬಾಣಗಳು: ನಾನು ಅಮೋನಿಯಂನಿಂದ ಯಾಕೆ ಶುರು ಮಾಡುತ್ತೇನೆ

ನೈಟ್ರೋಜನ್ ಚಕ್ರದ ಚಿತ್ರ ಸಾಮಾನ್ಯವಾಗಿ ಮೇಲಿಂದ ಶುರುವಾಗುತ್ತದೆ. ಮೇಲೆ ಮೋಡ, ಅದರೊಳಗೆ N₂, ಅಲ್ಲಿಂದ ಕೆಳಗೆ ಒಂದು ದಪ್ಪ ಬಾಣ. ಮಕ್ಕಳು ಅದನ್ನು ಅಂದವಾಗಿ ಬಿಡಿಸುತ್ತಾರೆ, ಬಾಣದ ಮೇಲೆ 'ಸ್ಥಿರೀಕರಣ' ಅಂತ ಬರೆಯುತ್ತಾರೆ. ಆದರೆ "ಈ ಬಾಣದಲ್ಲಿ ಕೆಲಸ ಮಾಡೋರು ಯಾರು, ಯಾಕೆ ಮಾಡ್ತಾರೆ?" ಅಂತ ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಅದಕ್ಕೇ ನಾನು ಮೇಲಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮಧ್ಯದಲ್ಲಿ, ಮಣ್ಣಿನ ಗೆರೆಯ ಕೆಳಗೆ NH₄⁺ ಎಂದು ಬರೆದು ಅದರ ಸುತ್ತ ಒಂದು ವೃತ್ತ ಹಾಕುತ್ತೇನೆ. ಇದು ಅಮೋನಿಯಂ. ಇಡೀ ಚಕ್ರದ ಜಂಕ್ಷನ್ ಇದೇ. ಹಲವು ಬಾಣಗಳು ಇಲ್ಲಿಗೆ ಬರುತ್ತವೆ ಇಲ್ಲವೇ ಇಲ್ಲಿಂದ ಹೊರಡುತ್ತವೆ. ಪ್ರತಿ ಬಾಣದ ಮೇಲೂ ಮೂರು ವಿಷಯ ಬರೆಯಲೇಬೇಕು ಅನ್ನುವುದು ನನ್ನ ನಿಯಮ. ಯಾವುದು ಯಾವುದಾಗುತ್ತದೆ, ಆ ಕೆಲಸ ಯಾರದು, ಅವರಿಗೆ ಆಮ್ಲಜನಕ ಬೇಕೋ ಬೇಡವೋ. ಮೂರನೆಯದನ್ನು ಪುಸ್ತಕಗಳು ಬಿಟ್ಟುಬಿಡುವುದೇ ಜಾಸ್ತಿ. ನನ್ನ ಪ್ರಕಾರ ಚಿತ್ರ ಅರ್ಥವಾಗುವುದೇ ಅದರಿಂದ.

ಮೊದಲ ಬಾಣ ಸತ್ತ ಎಲೆ, ಸಗಣಿ, ಮೂತ್ರ, ಸತ್ತ ಪ್ರಾಣಿಗಳಿಂದ ಅಮೋನಿಯಂ ಕಡೆಗೆ. ಇದು ಅಮೋನೀಕರಣ. ಬ್ಯಾಸಿಲಸ್‌ನಂಥ ಹಲವು ಬ್ಯಾಕ್ಟೀರಿಯಾಗಳು ಮತ್ತು ಶಿಲೀಂಧ್ರಗಳು ಪ್ರೋಟೀನನ್ನು ಒಡೆದು ಅಮೈನೋ ಆಮ್ಲ ಮಾಡುತ್ತವೆ. ಅದರಲ್ಲಿನ ಇಂಗಾಲವನ್ನು ಶಕ್ತಿಗಾಗಿ ಬಳಸಿ, ಮಿಕ್ಕ ನೈಟ್ರೋಜನ್ನನ್ನು ಅಮೋನಿಯಾ ಆಗಿ ಹೊರಗೆ ಹಾಕುತ್ತವೆ. ಅದು ಮಣ್ಣಿನ ನೀರಿನಲ್ಲಿ ಅಮೋನಿಯಂ ಆಗುತ್ತದೆ. ಈ ಕೆಲಸ ಗಾಳಿ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಶುಚಿಯಿಲ್ಲದ ಮೂತ್ರಾಲಯದ ಘಾಟು ವಾಸನೆ ಇದೇ ಬಾಣದ್ದು ಅಂದರೆ ಸಾಕು, ಮಕ್ಕಳು ಮತ್ತೆ ಮರೆಯುವುದಿಲ್ಲ.

ಎರಡನೆಯದು ಗಾಳಿಯಿಂದ ಅಮೋನಿಯಂಗೆ ಬರುವ ಬಾಣ, ಅಂದರೆ ಸ್ಥಿರೀಕರಣ. ಗಾಳಿಯಲ್ಲಿ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಆದರೆ ಎರಡು ನೈಟ್ರೋಜನ್ ಪರಮಾಣುಗಳು ಮೂರು ಬಂಧಗಳಿಂದ ಒಂದಕ್ಕೊಂದು ಅಂಟಿಕೊಂಡಿವೆ. ಗಿಡಕ್ಕಾಗಲಿ ನಮಗಾಗಲಿ ಅದನ್ನು ಬಿಡಿಸಲು ಆಗುವುದಿಲ್ಲ. ಬಿಡಿಸುವ ಕಿಣ್ವ, ನೈಟ್ರೋಜಿನೇಸ್, ಕೆಲವೇ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿ ಇದೆ. ದ್ವಿದಳ ಗಿಡಗಳ ಬೇರಿನಲ್ಲಿ ರೈಜೋಬಿಯಂ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಅಜೊಟೊಬ್ಯಾಕ್ಟರ್, ನೀರಿನಲ್ಲಿ ಅನಬೀನಾದಂಥ ನೀಲಿ-ಹಸಿರು ಬ್ಯಾಕ್ಟೀರಿಯಾ. ಒಂದು N₂ ಒಡೆಯಲು ಕಡಿಮೆಯೆಂದರೂ ಜೀವಕೋಶಕ್ಕೆ ಶಕ್ತಿ ಕೊಡುವ 16 ಎಟಿಪಿ ಅಣುಗಳು ಖರ್ಚಾಗುತ್ತವೆ. ತುಂಬ ದುಬಾರಿ ಕೆಲಸ. ಅದಕ್ಕೇ ರೈಜೋಬಿಯಂ ಗಿಡದಿಂದ ಸಕ್ಕರೆ ಪಡೆದು, ಬದಲಿಗೆ ಅಮೋನಿಯಂ ಕೊಡುತ್ತದೆ.

ಈ ಬಾಣವನ್ನು ಕಣ್ಣಾರೆ ತೋರಿಸಲು ನಾನು ಅಲಸಂದೆ ಗಿಡ ಬಳಸುತ್ತೇನೆ. ಅದು ಹೆಚ್ಚಿನ ಮಣ್ಣುಗಳಲ್ಲಿರುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ತೆಗೆಯಬೇಕು. ಕಿತ್ತರೆ ಈ ಬ್ಯಾಕ್ಟೀರಿಯಾ ವಾಸಿಸುವ ಬೇರುಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಹಾಗಾಗಿ ಮಣ್ಣಿನ ಹೆಂಟೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ನೆನೆಸಿ, ನಿಧಾನವಾಗಿ ಅಲ್ಲಾಡಿಸಬೇಕು. ಸಣ್ಣ ಸಣ್ಣ ಉಂಡೆಗಳು ಕಾಣುತ್ತವೆ. ಒಂದನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಗುಲಾಬಿ, ಕೆಲವು ಸಲ ಹಸಿ ಮಾಂಸದಂಥ ಕೆಂಪು. ಮಕ್ಕಳು "ರಕ್ತನಾ?" ಅಂತಲೇ ಕೇಳುತ್ತಾರೆ. ಆ ಪ್ರಶ್ನೆ ತೀರಾ ತಪ್ಪೇನಲ್ಲ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ಹಿಮೋಗ್ಲೋಬಿನ್‌ನ ಸಂಬಂಧಿ. ನೈಟ್ರೋಜಿನೇಸ್‌ಗೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕು. ಈ ಕೆಂಪು ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳತೆಯಲ್ಲಿ ಕೊಡುತ್ತದೆ. ಒಳಗೆ ಬಿಳಿ ಇದ್ದರೆ ಆ ಗಂಟು ಇನ್ನೂ ಎಳೆಯದು ಅಥವಾ ಕೆಲಸ ಮಾಡುತ್ತಿಲ್ಲ. ಹಸಿರು, ಕಂದು ಇದ್ದರೆ ಅದರ ಕೆಲಸ ಮುಗಿದಿದೆ.

ಒಂದು ಎಚ್ಚರಿಕೆ. ಬೇರಿನಲ್ಲಿರುವ ಎಲ್ಲ ಗಂಟೂ ಇದಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮ ಜಂತುಹುಳುಗಳಿಂದಲೂ ಗಂಟು ಬರುತ್ತದೆ. ಉಗುರಿನಿಂದ ತಳ್ಳಿ ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸುಲಭವಾಗಿ ಉದುರುತ್ತದೆ. ಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಉದುರುವುದಿಲ್ಲ.

ಅಮೋನಿಯಂಗೆ ಬರುವ ಇನ್ನೊಂದು ಬಾಣ ಗೊಬ್ಬರದ ಕಾರ್ಖಾನೆಯದು. ಅಲ್ಲಿ ಜೀವಿ ಇಲ್ಲ. ಕಬ್ಬಿಣದ ವೇಗವರ್ಧಕ, 400 ಡಿಗ್ರಿಗೂ ಮೇಲಿನ ಶಾಖ, ವಾಯುಮಂಡಲದ ನೂರಾರು ಪಟ್ಟು ಒತ್ತಡ. ಬೇರುಗಂಟು ಅದೇ ಕೆಲಸವನ್ನು ಮಣ್ಣಿನ ಶಾಖದಲ್ಲೇ ಮಾಡುತ್ತದೆ. ಮಿಂಚಿನ ಬಾಣ ಮಾತ್ರ ಅಮೋನಿಯಂಗೆ ಬರುವುದಿಲ್ಲ. ಮಿಂಚಿನಲ್ಲಿ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ, ಮಳೆಯಲ್ಲಿ ಕರಗಿ, ನೇರ ನೈಟ್ರೇಟ್ ಆಗಿ ಇಳಿಯುತ್ತದೆ. ಆ ಬಾಣವನ್ನು ಬೋರ್ಡಿನ ಬಲಗಡೆಗೆ, ನೈಟ್ರೇಟ್ ಬರೆಯುವ ಜಾಗಕ್ಕೆ ಎಳೆಯಿರಿ.

ಈಗ ಹೊರಡುವ ಬಾಣಗಳು. ಅಮೋನಿಯಂನಿಂದ NO₂⁻, ಅಂದರೆ ನೈಟ್ರೈಟ್. ಅಲ್ಲಿಂದ NO₃⁻, ಅಂದರೆ ನೈಟ್ರೇಟ್. ಎರಡೂ ಸೇರಿ ನೈಟ್ರೀಕರಣ. ಇದನ್ನು ಒಂದೇ ಬಾಣದಲ್ಲಿ ಮುಗಿಸಲು ನಾನು ಬಿಡುವುದಿಲ್ಲ, ಯಾಕಂದರೆ ಕೆಲಸಗಾರರು ಬೇರೆ ಬೇರೆ. ಮೊದಲ ಹೆಜ್ಜೆ ನೈಟ್ರೊಸೊಮೊನಾಸ್‌ನಂಥವುಗಳದು, ಎರಡನೆಯದು ನೈಟ್ರೊಬ್ಯಾಕ್ಟರ್‌ನಂಥವುಗಳದು. ಅಕ್ವೇರಿಯಂಗಳಲ್ಲಿ ಎರಡನೆಯ ಕೆಲಸವನ್ನು ಹೆಚ್ಚಾಗಿ ನೈಟ್ರೋಸ್ಪೈರಾ ಮಾಡುತ್ತದೆ. ಇವು ಸಾವಯವ ಆಹಾರ ತಿನ್ನುವುದಿಲ್ಲ. ಅಮೋನಿಯಂ ಅಥವಾ ನೈಟ್ರೈಟನ್ನು ಆಮ್ಲಜನಕದ ಜೊತೆ ಸೇರಿಸಿದಾಗ ಬರುವ ಶಕ್ತಿಯಲ್ಲೇ ಕಾರ್ಬನ್ ಡೈಆಕ್ಸೈಡಿನಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಬೆಳಕಿಲ್ಲದೆ ಹೀಗೆ ಬದುಕುವ ಜೀವಿಗಳಿವೆ ಎಂದು 1890ರ ಸುಮಾರಿಗೆ ತೋರಿಸಿದವರು ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ.

ಇದನ್ನು ತೋರಿಸಲು ಒಂದು ದೊಡ್ಡ ಗಾಜಿನ ಜಾಡಿ, ಅಕ್ವೇರಿಯಂನ ಗಾಳಿ ಪಂಪು, ಸ್ವಲ್ಪ ಜಲ್ಲಿಕಲ್ಲು, ಒಂದು ಚಮಚ ತೋಟದ ಮಣ್ಣು, ಚಿಟಿಕೆ ಮೀನಿನ ಆಹಾರ ಸಾಕು. ಮೀನು ಬೇಡ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದಕ್ಕೆ ನೀರನ್ನು ಒಂದು ದಿನ ತೆರೆದಿಡುತ್ತೇನೆ. ಆಮೇಲೆ ಅಕ್ವೇರಿಯಂ ಟೆಸ್ಟ್ ಕಿಟ್‌ನಿಂದ ಎರಡು ಮೂರು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ನೋಡಿ ಗ್ರಾಫ್ ಹಾಕಿಸುತ್ತೇನೆ.

ಮೊದಲು ಆಹಾರ ಕೊಳೆತು ಅಮೋನಿಯಾ ಏರುತ್ತದೆ. ಮೊದಲ ಬಾಣ ಇದೇ ಅಲ್ವಾ? ಒಂದೆರಡು ವಾರದ ಹೊತ್ತಿಗೆ ಅಮೋನಿಯಾ ಇಳಿಯತೊಡಗುತ್ತದೆ, ನೈಟ್ರೈಟ್ ಏರುತ್ತದೆ. ಎರಡನೇ ಗುಂಪಿಗೆ ನೈಟ್ರೈಟೇ ಆಹಾರ. ಮೊದಲನೆಯವರು ಅದನ್ನು ಮಾಡಿಕೊಡುವ ತನಕ ಅವಕ್ಕೆ ಬೆಳೆಯಲು ದಾರಿಯಿಲ್ಲ. ಅದಕ್ಕೇ ನೈಟ್ರೈಟ್ ಸುಮಾರು ದಿನ ಮೇಲೇ ನಿಂತು, ಆಮೇಲೆ ಸರಕ್ಕನೆ ಬೀಳುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಉಳಿಯುತ್ತದೆ. ಚಳಿಯಿದ್ದರೆ ಇನ್ನೂ ತಡ.

ಇಲ್ಲಿ ಕಿಟ್ ಒಂದು ಮೋಸ ಮಾಡುತ್ತದೆ. ಮಾಮೂಲಿ ನೈಟ್ರೇಟ್ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಬಣ್ಣ ತೋರಿಸುತ್ತದೆ. ಹಾಗಾಗಿ ಜಾಡಿಯಲ್ಲಿ ನೈಟ್ರೈಟ್ ತುಂಬಿದ್ದರೆ, ನೈಟ್ರೇಟ್ ಇಲ್ಲದಿದ್ದರೂ ಕೆಂಪು ಬರುತ್ತದೆ. ನೈಟ್ರೈಟ್ ಸೊನ್ನೆಯಾದ ಮೇಲೆ ಬಂದ ನೈಟ್ರೇಟ್ ಅಳತೆಯನ್ನಷ್ಟೇ ನಂಬಿ. ಇನ್ನೊಂದು ತೊಂದರೆ, ಮಧ್ಯದಲ್ಲಿ ಎಲ್ಲ ನಿಂತುಬಿಡುವುದು. ನೈಟ್ರೀಕರಣ ನಡೆದಂತೆ ನೀರು ಆಮ್ಲೀಯವಾಗುತ್ತದೆ. pH 6ಕ್ಕಿಂತ ಕೆಳಗೆ ಹೋದರೆ ಈ ಬ್ಯಾಕ್ಟೀರಿಯಾ ತುಂಬ ನಿಧಾನವಾಗುತ್ತವೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮತ್ತೆ ಚುರುಕಾಗುತ್ತವೆ.

ನೈಟ್ರೇಟ್‌ನಿಂದ ಗಿಡಕ್ಕೆ ಹೋಗುವ ಬಾಣ ಹೀರಿಕೆಯದು. ಅಮೋನಿಯಂನಿಂದಲೂ ಗಿಡಕ್ಕೆ ಒಂದು ತೆಳು ಬಾಣ ಹಾಕಿಸುತ್ತೇನೆ, ಯಾಕಂದರೆ ಬೇರು ಅದನ್ನೂ ಹೀರುತ್ತದೆ. ತಮಾಷೆ ಏನಂದರೆ, ಬ್ಯಾಕ್ಟೀರಿಯಾ ಅಷ್ಟು ಕಷ್ಟಪಟ್ಟು ಮಾಡಿದ ನೈಟ್ರೇಟನ್ನು ಗಿಡ ಒಳಗೆ ಮತ್ತೆ ಅಮೋನಿಯಂ ಮಾಡಿಯೇ ಅಮೈನೋ ಆಮ್ಲ ಕಟ್ಟುತ್ತದೆ. ಹಾಗಿದ್ದರೆ ನೈಟ್ರೇಟ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಖುಷಿ. ಮಣ್ಣಿನ ಜೇಡಿಕಣಗಳಿಗೆ ಋಣ ಆವೇಶ ಇದೆ. ಧನ ಆವೇಶದ NH₄⁺ ಅಲ್ಲೇ ಅಂಟಿಕೊಳ್ಳುತ್ತದೆ. NO₃⁻ ಅಂಟುವುದಿಲ್ಲ, ನೀರಿನ ಜೊತೆ ಹರಿದು ಬೇರಿನ ಹತ್ತಿರ ತಾನೇ ಬರುತ್ತದೆ. ಅದೇ ಕಾರಣಕ್ಕೆ ಮಳೆ ಜಾಸ್ತಿಯಾದರೆ ಬೇರು ದಾಟಿ ಅಂತರ್ಜಲಕ್ಕೂ ಇಳಿದುಹೋಗುತ್ತದೆ. ಕೆಳಗೆ ಇಳಿಯುವ ಈ ಬಾಣಕ್ಕೆ ಯಾವ ಜೀವಿಯ ಹೆಸರೂ ಬೇಡ. ಗಿಡದಿಂದ ಪ್ರಾಣಿಗೆ ಹೋಗುವ ಬಾಣವನ್ನು ವಿವರಿಸುವ ಅಗತ್ಯವೇ ಇಲ್ಲ, ಅದು ತಿನ್ನುವುದು ಅಷ್ಟೇ.

ಉಳಿದಿದ್ದು ನೈಟ್ರೇಟ್‌ನಿಂದ ಗಾಳಿಗೆ ಹೋಗುವ ಬಾಣ, ವಿನೈಟ್ರೀಕರಣ. ಸ್ಯೂಡೊಮೊನಾಸ್, ಪ್ಯಾರಾಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಕೆಲಸ. ಆಮ್ಲಜನಕ ಸಿಕ್ಕರೆ ಇವು ಅದನ್ನೇ ಬಳಸುತ್ತವೆ. ಸಿಗದಿದ್ದಾಗ ಉಸಿರಾಟಕ್ಕೆ ನೈಟ್ರೇಟನ್ನು ಬಳಸುತ್ತವೆ. ಅದಕ್ಕೇ ಇದು ನೀರು ನಿಂತ ಮಣ್ಣಿನಲ್ಲಿ ಹೆಚ್ಚು.

ಇದಕ್ಕೂ ಅದೇ ಜಾಡಿಯ ನೀರು ಆಗುತ್ತದೆ. ನೈಟ್ರೇಟ್ ತುಂಬಿದ ನೀರನ್ನು ಒಂದು ಬಾಟಲಿಗೆ ಕತ್ತಿನವರೆಗೆ ತುಂಬಿ, ಸ್ವಲ್ಪ ಕೆಸರು, ಚಿಟಿಕೆ ಸಕ್ಕರೆ ಹಾಕುತ್ತೇನೆ. ಸಕ್ಕರೆ ಬ್ಯಾಕ್ಟೀರಿಯಾಗೆ ಆಹಾರ, ಅದಿಲ್ಲದೆ ಕೆಲಸ ತೀರ ನಿಧಾನ. ಪಂಪು ಇಲ್ಲ. ಮುಚ್ಚಳ ಸಡಿಲವಾಗಿರಬೇಕು, ಒಳಗೆ ಅನಿಲ ಬರುತ್ತದೆ. ಕೆಲವೇ ದಿನಗಳಲ್ಲಿ ನೈಟ್ರೇಟ್ ಇಳಿಯುತ್ತದೆ, ಕೆಸರಿನಿಂದ ಗುಳ್ಳೆ ಏಳುತ್ತವೆ. ಗುಳ್ಳೆಯೆಲ್ಲ ನೈಟ್ರೋಜನ್ ಅಂತ ಮಾತ್ರ ಹೇಳಬೇಡಿ, ಅದರಲ್ಲಿ ಕಾರ್ಬನ್ ಡೈಆಕ್ಸೈಡೂ ಇರುತ್ತದೆ. ಪುರಾವೆ ಗುಳ್ಳೆಯಲ್ಲ, ಬೀಳುತ್ತಿರುವ ನೈಟ್ರೇಟ್. ಮಧ್ಯೆ ಸ್ವಲ್ಪ ಹೊತ್ತು ನೈಟ್ರೈಟ್ ಕಾಣಿಸಿಕೊಂಡರೆ ಗಾಬರಿ ಬೇಡ. ನೈಟ್ರೇಟ್ ಒಂದೇ ಏಟಿಗೆ N₂ ಆಗುವುದಿಲ್ಲ. ಮೊದಲು ನೈಟ್ರೈಟ್, ಆಮೇಲೆ NO, ಆಮೇಲೆ N₂O, ಕೊನೆಗೆ N₂. N₂O ಸ್ವಲ್ಪ ಅಲ್ಲೇ ತಪ್ಪಿಸಿಕೊಂಡು ಗಾಳಿಗೆ ಹೋಗುತ್ತದೆ. ಅದು ಪ್ರಬಲ ಹಸಿರುಮನೆ ಅನಿಲ. ಹಾಗಾಗಿ ದೊಡ್ಡ ತರಗತಿಯ ಮಕ್ಕಳ ಚಿತ್ರದಲ್ಲಿ ಈ ಬಾಣಕ್ಕೆ ಪಕ್ಕದಿಂದ ಒಂದು ಸಣ್ಣ ಕವಲು ಹಾಕಿಸಿ, ತುದಿಯಲ್ಲಿ N₂O ಅಂತ ಬರೆಸುತ್ತೇನೆ.