ಗರಿ ಹಿಡಿದವರು ಯಾರು? ಚರ್ಚಿನ ಸಂತರನ್ನು ಗುರುತಿಸುವುದು ಹೀಗೆ

ಮಗುವನ್ನು ಎತ್ತಿಕೊಂಡ ಗಂಡಸಿನ ಪ್ರತಿಮೆ ಕಂಡರೆ ಸಾಕು, ನಮ್ಮ ಮೈಸೂರು ಕಡೆಯವರು 'ಅಂತೋಣಿಯವರು' ಅಂತ ಕೈಮುಗಿದುಬಿಡುತ್ತಾರೆ. ದೋರನಹಳ್ಳಿಗೆ ಹೋಗಿ ಬಂದ ಅಭ್ಯಾಸ ಅದು. ಆದರೆ ಎಷ್ಟೋ ಸಲ ಅಲ್ಲಿ ನಿಂತಿರುವವರು ಸಂತ ಜೋಸೆಫ್. ಪಾಪ, ಗೊಂದಲ ಆಗುವುದೂ ಸಹಜ. ಇಬ್ಬರ ತೋಳಲ್ಲೂ ಬಾಲಯೇಸು, ಇಬ್ಬರ ಕೈಯಲ್ಲೂ ಬಿಳಿ ಲಿಲ್ಲಿ ಹೂವು.

ಅದಕ್ಕೇ ನಾನು ಹೇಳುವುದು, ಕೈಯಲ್ಲಿ ಏನಿದೆ ಅಂತ ಮೊದಲು ನೋಡಬೇಡಿ.

ಮೊದಲು ಬಟ್ಟೆ. ಅಂತೋಣಿ ಫ್ರಾನ್ಸಿಸ್ಕನ್ ಸಭೆಯವರು. ಕಂದು ನಿಲುವಂಗಿ, ಸೊಂಟಕ್ಕೆ ಗಂಟು ಹಾಕಿದ ಹಗ್ಗ, ಸಾಮಾನ್ಯವಾಗಿ ಬೋಳಿಸಿದ ನೆತ್ತಿ, ಗಡ್ಡವಿಲ್ಲದ ಎಳೆ ಮುಖ. ಜೋಸೆಫರಿಗೆ ಗಡ್ಡ ಇರುತ್ತದೆ, ಮೈಮೇಲೆ ಅಗಲವಾದ ಹೊದಿಕೆ ಇರುತ್ತದೆ, ಕೆಲವೊಮ್ಮೆ ಕಾಲ ಬಳಿ ಬಡಗಿಯ ಗರಗಸವೋ ಉಳಿಯೋ ಬಿದ್ದಿರುತ್ತದೆ. ಹಗ್ಗ ಇದೆಯಾ, ಗಡ್ಡ ಇದೆಯಾ ಅಂತ ನೋಡಿದರೆ ಅರ್ಧ ನಿಮಿಷದ ಕೆಲಸ. ಬಣ್ಣವೊಂದನ್ನೇ ಮಾತ್ರ ನಂಬಬೇಡಿ. ಹಬ್ಬಕ್ಕೆ ಮುಂಚೆ ಅಗ್ಗದ ಎನಾಮೆಲ್ ಬಳಿಸಿ ಅಂತೋಣಿಯವರ ಕಂದು ಅಂಗಿಯನ್ನು ಬೆಳ್ಳಗೆ ಮಾಡಿದ ಒಂದು ಚರ್ಚನ್ನು ನಾನೇ ನೋಡಿದ್ದೇನೆ. ಅಂಗಿ ಬಿಳಿಯಾದರೂ ಹಗ್ಗದ ಗಂಟುಗಳು ಹಾಗೇ ಉಬ್ಬಿಕೊಂಡಿದ್ದವು, ಅದರಿಂದ ಗುರುತು ಸಿಕ್ಕಿತು.

ಆಮೇಲೆ ಸುಲಭದವು. ಬೀಗದ ಕೈ ಹಿಡಿದ ಬಿಳಿಗಡ್ಡದ ಮುದುಕ ಸಂತ ಪೇತ್ರ. ಪಕ್ಕದಲ್ಲಿ ಬೋಳು ಹಣೆ, ಉದ್ದ ಗಡ್ಡ, ಕತ್ತಿ ಇದ್ದರೆ ಅವರು ಪೌಲ. ಕಬ್ಬಿಣದ ಸರಳುಗಳ ಜಾಲರಿ ಹಿಡಿದ ಯುವಕ ಅತ್ತೂರಿನ ಸಂತ ಲಾರೆನ್ಸ್. ಮುಂದೆ ಹೋಗೋಣ.

ಈಗ ಗರಿ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಕೈಯಲ್ಲಿ ಉದ್ದನೆಯ ಖರ್ಜೂರದ ಗರಿ ಇದ್ದರೆ ಅದರಿಂದ ಹೆಸರು ಗೊತ್ತಾಗುವುದಿಲ್ಲ. ಆ ವ್ಯಕ್ತಿ ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಅಂತ ಅದು ಹೇಳುತ್ತದೆ, ಅಷ್ಟೇ. ಹಳೇ ರೋಮ್‌ನಲ್ಲಿ ಗೆದ್ದವರಿಗೆ ಗರಿ ಕೊಡುತ್ತಿದ್ದರು. ಸಾವನ್ನೂ ಗೆದ್ದವರು ಅನ್ನುವ ಅರ್ಥದಲ್ಲಿ ಕ್ರೈಸ್ತರು ಅದನ್ನೇ ತೆಗೆದುಕೊಂಡರು. ಹಾಗಾಗಿ ಗರಿ ಹಿಡಿದವರು ನೂರಾರು ಜನ. ಗರಿ ಕಂಡ ಕೂಡಲೇ ಒಂದು ಹೆಸರು ಹೇಳಿಬಿಡುವುದು, ಖಾಕಿ ಕಂಡ ಕೂಡಲೇ ಇನ್ಸ್‌ಪೆಕ್ಟರ್ ಹೆಸರು ಹೇಳಿದ ಹಾಗೆ.

ಗರಿ ಕಂಡರೆ ಇನ್ನೊಂದು ವಸ್ತು ಎಲ್ಲಿದೆ ಅಂತ ಹುಡುಕಬೇಕು. ಇನ್ನೊಂದು ಕೈ ನೋಡಿ. ಆಮೇಲೆ ಪಾದದ ಹತ್ತಿರ, ಬಟ್ಟೆಯ ಮಡಿಕೆಯ ಹಿಂದೆ ನೋಡಿ. ಸಾಮಾನ್ಯವಾಗಿ ಆ ಎರಡನೇ ವಸ್ತು ಅವರನ್ನು ಹಿಂಸಿಸಿದ ಸಾಧನವೋ, ಅವರ ಕಥೆಯ ತುಣುಕೋ ಆಗಿರುತ್ತದೆ. ಚಿತ್ರಕಾರರು ಅದನ್ನು ಎಷ್ಟೋ ಸಲ ಚಿಕ್ಕದಾಗಿ, ಕತ್ತಲ ಮೂಲೆಯಲ್ಲಿ ಇಡುತ್ತಾರೆ.

ಇದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ವೆನಿಸ್‌ನ ಸಾನ್ ಜಕಾರಿಯಾ ಚರ್ಚಿನಲ್ಲಿದೆ. ಜೊವಾನ್ನಿ ಬೆಲ್ಲಿನಿ 1505ರಲ್ಲಿ ಬರೆದ ದೊಡ್ಡ ಚಿತ್ರ. ನಡುವೆ ಸಿಂಹಾಸನದ ಮೇಲೆ ಮಗುವಿನೊಂದಿಗೆ ಮಾತೆ ಮರಿಯ, ಕೆಳಗೆ ವಾದ್ಯ ನುಡಿಸುತ್ತಿರುವ ಒಬ್ಬ ದೇವದೂತ, ಎರಡೂ ಕಡೆ ಇಬ್ಬಿಬ್ಬರು ಸಂತರು. ಯಾರ ಹೆಸರನ್ನೂ ಪಕ್ಕದಲ್ಲಿ ಬರೆದಿಲ್ಲ. ಚಿತ್ರವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಮುಂದೆ ಓದಿದರೆ ಒಳ್ಳೆಯದು.

ಎಡ ತುದಿಯ ಮುದುಕರ ಕೈಯಲ್ಲಿ ಪುಸ್ತಕ ಮತ್ತು ಬೀಗದ ಕೈ. ಪೇತ್ರ, ಮುಗಿಯಿತು. ಅವರ ಪಕ್ಕದಲ್ಲಿ ಒಬ್ಬ ಹೆಂಗಸು, ಬಲಗಡೆ ಇನ್ನೊಬ್ಬ ಹೆಂಗಸು. ಇಬ್ಬರೂ ಎಳೆಯ ವಯಸ್ಸಿನವರು, ಇಬ್ಬರ ಕೈಯಲ್ಲೂ ಗರಿ. ಮುಖ ನೋಡಿ ಹೇಳೋಣ ಅಂದರೆ ಆಗದು. ಆದರೆ ಎಡಗಡೆಯವರ ಹತ್ತಿರ ಮುರಿದ ಚಕ್ರ ಇದೆ. ಅಲ್ಲಿಗೆ ಆಕೆ ಅಲೆಕ್ಸಾಂಡ್ರಿಯಾದ ಕ್ಯಾಥರೀನ್. ಚಕ್ರಕ್ಕೆ ಕಟ್ಟಿ ಕೊಲ್ಲಲು ಹೋದಾಗ ಚಕ್ರವೇ ಮುರಿದುಬಿತ್ತು, ಕೊನೆಗೆ ತಲೆ ಕಡಿದರು ಅನ್ನುವುದು ಆಕೆಯ ಕಥೆ. ಅದಕ್ಕೇ ಬೇರೆ ಚಿತ್ರಗಳಲ್ಲಿ ಆಕೆಯ ಕೈಗೆ ಕತ್ತಿಯೂ ಬರುತ್ತದೆ. ಕತ್ತಿ ಕಂಡು ಪೌಲ ಅನ್ನಬೇಡಿ, ಪೌಲರಿಗೆ ಗಡ್ಡ ಇದೆ! ಬಲಗಡೆಯವರ ಇನ್ನೊಂದು ಕೈಯಲ್ಲಿ ಗಾಜಿನ ಬಟ್ಟಲು, ಅದರೊಳಗೆ ಎರಡು ಕಣ್ಣು. ಆಕೆ ಲೂಸಿ. ದೂರದಿಂದ ನೋಡಿದರೆ ಬಟ್ಟಲು ಮಾತ್ರ ಕಾಣುತ್ತದೆ, ಕಣ್ಣು ಕಾಣಬೇಕಾದರೆ ಚಿತ್ರವನ್ನು ಹಿಗ್ಗಿಸಲೇಬೇಕು.

ಉಳಿದವರು ಬಲ ತುದಿಯಲ್ಲಿ ಪುಸ್ತಕದಲ್ಲೇ ಮುಳುಗಿದ ಬಿಳಿಗಡ್ಡದವರು. ಪುಸ್ತಕ ಪೇತ್ರರ ಕೈಯಲ್ಲೂ ಇದೆ, ಹಾಗಾಗಿ ಅದೊಂದೇ ಸಾಲದು. ಮತ್ತೆ ಬಟ್ಟೆಗೆ ಬನ್ನಿ. ಕೆಂಪು ಉಡುಪು. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಇವರು. ಅವರು ಕಾರ್ಡಿನಲ್ ಆಗಿರಲಿಲ್ಲ, ಆದರೂ ಚಿತ್ರಕಾರರು ಅವರಿಗೆ ಕಾರ್ಡಿನಲ್‌ಗಳ ಕೆಂಪು ತೊಡಿಸುವುದು ರೂಢಿ. ಇವರ ಜೊತೆ ಸಿಂಹ ಇರಬೇಕಲ್ವಾ ಅಂತ ಕೇಳಬಹುದು. ಬೇರೆ ಕಡೆ ಇರುತ್ತದೆ, ಇಲ್ಲಿ ಇಲ್ಲ. ಪ್ರವಾಸಿ ಅಂಗಡಿಗಳಲ್ಲಿ ಮಾರುವ 'ಚಿಹ್ನೆ ನೋಡಿ ಹೆಸರು ಹೇಳಿ' ಕಾರ್ಡುಗಳು ದಂಡ ಅನ್ನುವುದು ಇದಕ್ಕೇ. 'ಸಿಂಹ ಅಂದರೆ ಮಾರ್ಕ್' ಅಂತ ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಮಾರ್ಕರ ಸಿಂಹಕ್ಕೆ ಸಾಮಾನ್ಯವಾಗಿ ರೆಕ್ಕೆ ಇರುತ್ತದೆ, ಜೆರೋಮರದ್ದಕ್ಕೆ ಇರುವುದಿಲ್ಲ. ಅದನ್ನು ಕಾರ್ಡು ಹೇಳುವುದಿಲ್ಲ.

ಕುರಿಮರಿ. ಇಲ್ಲೂ ಇದೇ ಲೆಕ್ಕ. ಎಳೆ ಹುಡುಗಿಯ ತೋಳಲ್ಲೋ ಕಾಲ ಬಳಿಯೋ ಮರಿ ಇದ್ದರೆ ಆಗ್ನೆಸ್. ಲ್ಯಾಟಿನ್‌ನಲ್ಲಿ ಕುರಿಮರಿಗೆ 'ಆಗ್ನುಸ್' ಅನ್ನುತ್ತಾರೆ, ಹೆಸರು ಹಾಗೆ ಕೇಳಿಸುವುದರಿಂದಲೇ ಮರಿ ಆಕೆಗೆ ಅಂಟಿಕೊಂಡಿತು. ಆಕೆಯೂ ರಕ್ತಸಾಕ್ಷಿ, ಗರಿಯೂ ಇರಬಹುದು. ಕೆದರಿದ ಕೂದಲು, ಒಂಟೆ ಕೂದಲಿನ ಒರಟು ಬಟ್ಟೆ, ಕೈಯಲ್ಲಿ ಕಡ್ಡಿಯಂಥ ಶಿಲುಬೆ ಇದ್ದರೆ ಸ್ನಾನಿಕ ಯೊವಾನ್ನ. ಯೇಸುವನ್ನು ತೋರಿಸಿ 'ಇಗೋ, ದೇವರ ಕುರಿಮರಿ' ಅಂದವರು ಅವರೇ. ಪಕ್ಕದಲ್ಲಿ ಯಾರೂ ಇಲ್ಲದೆ ಮರಿಯೊಂದೇ ಬಾವುಟ ಹಿಡಿದು ನಿಂತಿದ್ದರೆ ಅದು ಸಂತರ ಗುರುತೇ ಅಲ್ಲ, ಅಲ್ಲಿ ಮರಿಯೇ ಯೇಸು.

ಕೊನೆಗೆ ಮೈಸೂರಿನ ಫಿಲೋಮಿನಾ. ಬೇರೆಯವರಲ್ಲಿ ಕಥೆಯಿಂದ ಗುರುತು ಹುಟ್ಟಿದರೆ ಇವರಲ್ಲಿ ಗುರುತಿನಿಂದ ಕಥೆ ಹುಟ್ಟಿದೆ. 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಒಬ್ಬ ಹುಡುಗಿಯ ಮೂಳೆ ಸಿಕ್ಕಿತು. ಸಮಾಧಿ ಮುಚ್ಚಿದ್ದ ಸುಟ್ಟ ಮಣ್ಣಿನ ಹಲಗೆಗಳ ಮೇಲೆ ಹೆಸರಿನ ಜೊತೆ ಲಂಗರು, ಬಾಣಗಳು, ಗರಿ ಬರೆದಿದ್ದವು. ಆಕೆಯ ಬದುಕಿನ ಬಗ್ಗೆ ಬೇರೆ ಯಾವ ದಾಖಲೆಯೂ ಇರಲಿಲ್ಲ. ಲಂಗರು ಕಟ್ಟಿ ನೀರಿಗೆ ಎಸೆದರು, ಬಾಣ ಬಿಟ್ಟರು ಅನ್ನುವ ಕಥೆಗಳು ಆಮೇಲೆ ಬಂದವು. 1961ರಲ್ಲಿ ಚರ್ಚು ತನ್ನ ಹಬ್ಬಗಳ ಪಟ್ಟಿಯಿಂದ ಆಕೆಯ ಹೆಸರು ತೆಗೆಯಿತು. ಪ್ರತಿಮೆಗಳು ಮಾತ್ರ ಹಾಗೇ ಉಳಿದಿವೆ.

ಹಾಗಾಗಿ ಗರಿ ಹಿಡಿದ ಹುಡುಗಿಯ ಪಕ್ಕ ಲಂಗರು, ಬಾಣ ಕಂಡರೆ ಧೈರ್ಯವಾಗಿ ಫಿಲೋಮಿನಾ ಅನ್ನಿ. ಲಂಗರು ಇದ್ದೂ ಅದನ್ನು ಹಿಡಿದವರು ಪೋಪರ ಕಿರೀಟ ತೊಟ್ಟ ಗಂಡಸಾದರೆ ಅವರು ಕ್ಲೆಮೆಂಟ್.