ಇಬ್ಬರು ವೃತ್ತಿಪರರನ್ನು ಇಮೇಲ್‌ನಲ್ಲಿ ಪರಿಚಯಿಸುವುದು ಹೇಗೆ?

‘ನಿಮಗೆ ಅವರು ಚೆನ್ನಾಗಿ ಗೊತ್ತಲ್ಲ, ಒಂದು ಇಮೇಲ್ ಹಾಕಿ ಪರಿಚಯ ಮಾಡಿಸಿ’ ಎಂಬ ಕೋರಿಕೆ ಬಂದಾಗ ಹೆಚ್ಚಿನವರು ಇಬ್ಬರ ವಿಳಾಸಗಳನ್ನೂ ಒಟ್ಟಿಗೆ ಹಾಕಿ, ಇವರು ಇಂಥವರು, ಅವರು ಅಂಥವರು, ಇನ್ನು ನೀವೇ ಮಾತನಾಡಿಕೊಳ್ಳಿ ಎಂದು ಮೂರು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಇಂತಹ ಪತ್ರಗಳಲ್ಲಿ ಅನೇಕವು ಉತ್ತರವಿಲ್ಲದೆ ಉಳಿದುಬಿಡುತ್ತವೆ. ಏನು ಮಾತನಾಡಬೇಕು, ಯಾರು ಮೊದಲು ಬರೆಯಬೇಕು, ಇದರಿಂದ ತಮಗೇನು ಉಪಯೋಗ ಎಂಬುದು ಓದಿದ ಇಬ್ಬರಿಗೂ ತಿಳಿಯುವುದಿಲ್ಲ. ಒಳ್ಳೆಯ ಪರಿಚಯಪತ್ರದ ಕೆಲಸ ಬಹುಪಾಲು ಆ ಪತ್ರ ಬರೆಯುವ ಮೊದಲೇ ನಡೆದಿರಬೇಕು. ಅದು ಹೇಗೆಂದು ಒಂದು ಕಲ್ಪಿತ ಸಂದರ್ಭವನ್ನು ಇಟ್ಟುಕೊಂಡು ನೋಡೋಣ.

ಕೊಪ್ಪಳ ಜಿಲ್ಲೆಯಲ್ಲಿ ಮಹಿಳೆಯೊಬ್ಬರು ಸಜ್ಜೆ ಹಿಟ್ಟಿನ ಸಣ್ಣ ಘಟಕ ನಡೆಸುತ್ತಿದ್ದಾರೆ. ಸಜ್ಜೆಯಲ್ಲಿ ಸುಮಾರು ಶೇ 5ರಷ್ಟು ಕೊಬ್ಬಿನಂಶವಿರುತ್ತದೆ. ಕಾಳನ್ನು ಬೀಸಿದ ಕೂಡಲೇ ಅದರಲ್ಲಿರುವ ಲೈಪೇಸ್ ಎಂಬ ಕಿಣ್ವ ಆ ಕೊಬ್ಬನ್ನು ಒಡೆಯಲು ಆರಂಭಿಸುವುದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಹೀಗಾಗಿ ಅಂಗಡಿಗಳಿಂದ ಪೊಟ್ಟಣಗಳು ವಾಪಸ್ ಬರುತ್ತಿವೆ. ಇತ್ತ ಮೈಸೂರಿನಲ್ಲಿ ಆಹಾರ ವಿಜ್ಞಾನಿಯೊಬ್ಬರು, ಬೀಸುವ ಮೊದಲೇ ಕಾಳಿಗೆ ಶಾಖ ಕೊಟ್ಟು ಆ ಕಿಣ್ವವನ್ನು ತಗ್ಗಿಸುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದಾರೆ. ಪ್ರಯೋಗಾಲಯದಲ್ಲಿ ಹಿಡಿತಕ್ಕೆ ಬಂದಿರುವ ವಿಧಾನ ಸಣ್ಣ ಗಿರಣಿಯಲ್ಲಿ ಹೇಗೆ ನಡೆಯುತ್ತದೆ ಎಂದು ಅವರು ನೋಡಬೇಕಾಗಿದೆ. ನೀವು ಇಬ್ಬರಿಗೂ ಪರಿಚಿತರಾದ ಕೃಷಿ ಅಧಿಕಾರಿ ಎಂದುಕೊಳ್ಳಿ.

ಮೊದಲು ಎರಡು ವಾಕ್ಯ

ಇಮೇಲ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಎರಡೇ ವಾಕ್ಯ ಬರೆಯಿರಿ: ಈ ಪರಿಚಯದಿಂದ ಉದ್ಯಮಿಗೆ ಏನು ಸಿಗುತ್ತದೆ, ವಿಜ್ಞಾನಿಗೆ ಏನು ಸಿಗುತ್ತದೆ. ಮೊದಲನೆಯದು ಸಲೀಸಾಗಿ ಬರುತ್ತದೆ, ಏಕೆಂದರೆ ಕೋರಿಕೆ ಬಂದಿದ್ದೇ ಆ ಕಡೆಯಿಂದ. ಎರಡನೆಯದರಲ್ಲಿ ಪೆನ್ನು ನಿಲ್ಲುತ್ತದೆ. ‘ವಿಜ್ಞಾನಿಗಳಿಗೂ ಗ್ರಾಮೀಣ ಉದ್ಯಮದ ಪರಿಚಯವಾಗುತ್ತದೆ’, ‘ನೆರವಾದ ತೃಪ್ತಿ ಸಿಗುತ್ತದೆ’ ಎಂದೆಲ್ಲ ಬರೆಯುವ ಆಸೆಯಾಗುತ್ತದೆ. ಅವು ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತುಗಳು. ಈ ಘಟಕದ ವಿಷಯ ತಾವಾಗಿಯೇ ಕಿವಿಗೆ ಬಿದ್ದಿದ್ದರೆ ಆ ವಿಜ್ಞಾನಿ ಹುಡುಕಿಕೊಂಡು ಹೋಗುತ್ತಿದ್ದರೇ ಎಂದು ಕೇಳಿಕೊಳ್ಳಿ. ವಾರಕ್ಕೆ ಎರಡು ಕ್ವಿಂಟಲ್ ಸಜ್ಜೆ ಬೀಸುವ, ಬೇಸಿಗೆ ಮಳೆಗಾಲ ಎನ್ನದೆ ವರ್ಷವಿಡೀ ನಡೆಯುವ, ಯಾವ ದಿನ ಬೀಸಿದ ಹಿಟ್ಟು ಯಾವ ಅಂಗಡಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡುವ ಘಟಕವೊಂದು ಪ್ರಯೋಗಕ್ಕೆ ಸಿದ್ಧವಿದೆ ಎಂಬುದು ಅಂತಹ ವಿಷಯ. ಎರಡನೆಯ ವಾಕ್ಯದಲ್ಲಿ ಇರಬೇಕಾದದ್ದು ಇಷ್ಟು ನಿರ್ದಿಷ್ಟವಾದ ಮಾತು.

ಎಷ್ಟು ಯೋಚಿಸಿದರೂ ಎರಡನೆಯ ವಾಕ್ಯ ಹುಟ್ಟದಿದ್ದರೆ, ನಿಮ್ಮ ಕೈಯಲ್ಲಿರುವುದು ಪರಿಚಯವಲ್ಲ, ಸಹಾಯದ ಕೋರಿಕೆ ಎಂದು ಒಪ್ಪಿಕೊಳ್ಳುವುದು ಮೇಲು. ಸಹಾಯ ಕೇಳುವುದರಲ್ಲಿ ತಪ್ಪೇನಿಲ್ಲ; ಆದರೆ ಅದನ್ನು ಹಾಗೆಯೇ ಹೇಳಿ ಕೇಳಬೇಕು, ಇಲ್ಲವೇ ಶುಲ್ಕ ಪಡೆದು ಸಲಹೆ ಕೊಡುವವರ ಬಳಿಗೆ ಕಳುಹಿಸಬೇಕು. ಇಲ್ಲದ ಲಾಭವನ್ನು ಇದೆಯೆಂದು ತೋರಿಸಿದರೆ ಮೊದಲ ಫೋನ್ ಕರೆಯಲ್ಲೇ ಅದು ಗೊತ್ತಾಗುತ್ತದೆ, ಹೋಗುವುದು ಪರಿಚಯಿಸಿದವರ ಮಾತಿನ ಬೆಲೆ.

ಕೇಳಿದವರಿಂದಲೇ ಟಿಪ್ಪಣಿ

ಎರಡನೆಯ ಹೆಜ್ಜೆಯಾಗಿ, ಪರಿಚಯ ಬಯಸಿದವರಿಂದ ನಾಲ್ಕೈದು ಸಾಲಿನ ಟಿಪ್ಪಣಿಯೊಂದನ್ನು ತರಿಸಿಕೊಳ್ಳಿ. ನೀವು ಅದನ್ನು ಯಥಾವತ್ತಾಗಿ ಮುಂದೆ ಕಳುಹಿಸುವಿರಿ ಎಂದು ಅವರಿಗೆ ಮೊದಲೇ ತಿಳಿಸಿರಬೇಕು. ತಾವು ಯಾರು, ತೊಂದರೆ ಏನು, ಈವರೆಗೆ ಏನು ಮಾಡಿ ನೋಡಿದ್ದಾರೆ, ಎದುರಿನವರಿಂದ ಬಯಸುವುದು ಏನು ಮತ್ತು ಎಷ್ಟು ಹೊತ್ತು, ತಮ್ಮಿಂದ ಏನು ಕೊಡಬಲ್ಲರು ಎಂಬುದು ಅದರಲ್ಲಿರಲಿ. ನಮ್ಮ ಉದ್ಯಮಿಯ ಟಿಪ್ಪಣಿ ಹೀಗಿರಬಹುದು:

> ನಾನು ಕೊಪ್ಪಳದ ಹತ್ತಿರ ಸಜ್ಜೆ ಹಿಟ್ಟಿನ ಘಟಕ ನಡೆಸುತ್ತಿದ್ದೇನೆ. ವಾರಕ್ಕೆ ಎರಡು ಕ್ವಿಂಟಲ್ ಬೀಸುತ್ತೇವೆ. ಬೀಸಿದ ಮೂರನೆಯ ವಾರದಿಂದ ಹಿಟ್ಟು ಕಹಿಯಾಗುತ್ತದೆ. ಮುಗ್ಗಲು ವಾಸನೆ ಇರುವುದಿಲ್ಲ, ಹುಳುವೂ ಬಿದ್ದಿರುವುದಿಲ್ಲ. ದಪ್ಪ ಕವರ್ ಹಾಕಿ ನೋಡಿದೆವು, ವ್ಯತ್ಯಾಸವಾಗಲಿಲ್ಲ. ಕಾಳನ್ನು ಬಿಸಿ ಮಾಡಿ ಬೀಸುವುದು ನಮ್ಮಂತಹ ಘಟಕದಲ್ಲಿ ಸಾಧ್ಯವೇ ಎಂದು ಅರ್ಧ ಗಂಟೆ ಫೋನಿನಲ್ಲಿ ಮಾತನಾಡಬೇಕಿತ್ತು. ಪ್ರಯೋಗಕ್ಕೆ ನಮ್ಮ ಯಂತ್ರ, ಕಾಳು, ಮಾರಾಟದ ಲೆಕ್ಕದ ಪುಸ್ತಕ ಕೊಡಲು ಸಿದ್ಧಳಿದ್ದೇನೆ.

ಈ ಕೆಲಸವನ್ನು ನೀವೇ ಮಾಡಬಾರದೇ ಎಂದರೆ, ಮಾಡಿದರೆ ವಿವರ ಸೋರಿಹೋಗುತ್ತದೆ. ನೀವು ಬರೆದಿದ್ದರೆ ‘ಹಿಟ್ಟು ಬೇಗ ಕೆಡುತ್ತಿದೆ’ ಎಂದು ಬರೆಯುತ್ತಿದ್ದಿರಿ. ಮುಗ್ಗಲು ಹಿಡಿದರೆ ತೇವ ಕಾರಣ, ಕಹಿಯಾದರೆ ಕೊಬ್ಬು ಕಾರಣ. ಎರಡಕ್ಕೂ ಪರಿಹಾರ ಬೇರೆ, ತಜ್ಞರೂ ಬೇರೆಯಾಗಬಹುದು. ‘ಮುಗ್ಗಲು ವಾಸನೆ ಇರುವುದಿಲ್ಲ’ ಎಂಬ ಒಂದು ಮಾತಿನಿಂದಲೇ ಇದು ತಮ್ಮ ಕ್ಷೇತ್ರದ ಪ್ರಶ್ನೆ ಎಂದು ವಿಜ್ಞಾನಿಗೆ ತಿಳಿಯುತ್ತದೆ. ಟಿಪ್ಪಣಿ ಬರೆದುಕೊಡಿ ಎಂದಾಗ ಕೆಲವರು ಮತ್ತೆ ಉತ್ತರಿಸುವುದೇ ಇಲ್ಲ. ಅಂಥವರಿಗೆ ಆ ಪರಿಚಯದ ಅಗತ್ಯ ಅಷ್ಟೊಂದು ಇರಲಿಲ್ಲವೆಂದು ತಿಳಿದು ಸುಮ್ಮನಾಗಬಹುದು.

ಇನ್ನೊಬ್ಬರ ಒಪ್ಪಿಗೆ

ಟಿಪ್ಪಣಿ ಬಂದ ಮೇಲೆ ವಿಜ್ಞಾನಿಗೆ ಮಾತ್ರ ಪತ್ರ ಬರೆದು ಒಪ್ಪಿಗೆ ಕೇಳಬೇಕು. ಇಬ್ಬರನ್ನೂ ಸೇರಿಸಿ ನೇರವಾಗಿ ಬರೆದುಬಿಟ್ಟರೆ, ಬಿಡುವಿಲ್ಲದವರು ಅಪರಿಚಿತರ ಎದುರಿನಲ್ಲೇ ‘ಆಗುವುದಿಲ್ಲ’ ಎನ್ನಬೇಕಾಗುತ್ತದೆ, ಅಥವಾ ದಾಕ್ಷಿಣ್ಯಕ್ಕೆ ಹೂಂ ಎಂದು ಮನಸ್ಸಿಲ್ಲದೆ ಸಮಯ ಕೊಡಬೇಕಾಗುತ್ತದೆ. ದಾಕ್ಷಿಣ್ಯ ನಮ್ಮಲ್ಲಿ ಸ್ವಲ್ಪ ಹೆಚ್ಚೇ ಆದ್ದರಿಂದ ನಿರಾಕರಣೆಯ ದಾರಿಯನ್ನು ಪತ್ರದಲ್ಲೇ ತೆರೆದಿಡುವುದು ಒಳ್ಳೆಯದು:

> ಸರ್, ಸಣ್ಣ ಗಿರಣಿಯೊಂದರಲ್ಲಿ ನಿಮ್ಮ ವಿಧಾನವನ್ನು ನೋಡಬೇಕೆಂದು ಹಿಂದೊಮ್ಮೆ ಹೇಳಿದ್ದಿರಿ. ಅಂತಹ ಒಂದು ಘಟಕದವರ ಟಿಪ್ಪಣಿಯನ್ನು ಕೆಳಗೆ ಕೊಟ್ಟಿದ್ದೇನೆ. ಅವರ ಘಟಕವನ್ನು ನಾನು ಕಂಡಿದ್ದೇನೆ, ಲೆಕ್ಕದ ಪುಸ್ತಕ ಅಚ್ಚುಕಟ್ಟಾಗಿದೆ. ನಿಮಗೆ ಉಪಯುಕ್ತವೆನಿಸಿದರೆ ಪರಿಚಯಿಸುತ್ತೇನೆ. ಈಗ ಬಿಡುವಿಲ್ಲದಿದ್ದರೆ ‘ಸದ್ಯಕ್ಕೆ ಬೇಡ’ ಎಂದಷ್ಟೇ ತಿಳಿಸಿದರೆ ಸಾಕು, ಅವರಿಗೆ ನಾನೇ ಹೇಳುತ್ತೇನೆ.

ಇಲ್ಲಿ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿದ್ದೀರಿ. ‘ಬಹಳ ಪ್ರತಿಭಾವಂತರು’ ಎಂಬ ಹೊಗಳಿಕೆಗಿಂತ ಲೆಕ್ಕದ ಪುಸ್ತಕದ ಮಾತಿಗೆ ತೂಕ ಹೆಚ್ಚು. ಉತ್ತರ ‘ಬೇಡ’ ಎಂದಾದರೆ, ಕಾರಣವನ್ನು ಬಗೆಯದೆ, ‘ಅವರಿಗೆ ಸದ್ಯ ಸಾಧ್ಯವಾಗುತ್ತಿಲ್ಲ’ ಎಂದಷ್ಟೇ ಉದ್ಯಮಿಗೆ ತಿಳಿಸಿ. ಉತ್ತರವೇ ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಬಹುದು. ಆಮೇಲೂ ಮೌನವಾದರೆ ಅದನ್ನೇ ಉತ್ತರವೆಂದು ತಿಳಿಯಬೇಕು.

ಪರಿಚಯದ ಪತ್ರ

ಒಪ್ಪಿಗೆ ಸಿಕ್ಕಿತು. ಈಗ ಹಳೆಯ ಪತ್ರಕ್ಕೆ ಉದ್ಯಮಿಯ ವಿಳಾಸವನ್ನು ಸೇರಿಸಿ ಕಳುಹಿಸುವುದು ಸುಲಭವೆನಿಸುತ್ತದೆ, ಆದರೆ ಹಾಗೆ ಮಾಡಲೇಬಾರದು. ಉತ್ತರಗಳ ಕೆಳಗೆ ಹಿಂದಿನ ಮಾತುಕತೆಯೆಲ್ಲ ಅಂಟಿಕೊಂಡೇ ಇರುತ್ತದೆ; ‘ಅವರು ಗಂಭೀರವಾಗಿದ್ದಾರೆ ತಾನೇ? ಹೋದ ಸಲ ಒಬ್ಬರು ನನ್ನ ಸಮಯ ಹಾಳು ಮಾಡಿದರು’ ಎಂದು ವಿಜ್ಞಾನಿ ನಿಮ್ಮೊಬ್ಬರಿಗೇ ಬರೆದದ್ದು ಉದ್ಯಮಿಯ ಕಣ್ಣಿಗೆ ಬೀಳುತ್ತದೆ. ಹೊಸ ಪತ್ರವನ್ನೇ ತೆರೆದು ಎರಡೂ ವಿಳಾಸಗಳನ್ನು `To` ಸಾಲಿನಲ್ಲಿ ಹಾಕಿ. ಒಬ್ಬರನ್ನು `Cc`ಯಲ್ಲಿ ಇಟ್ಟರೆ ಪತ್ರ ತಮ್ಮ ಮಾಹಿತಿಗಷ್ಟೇ ಬಂದಿದೆಯೆಂದು ಅವರು ಸುಮ್ಮನಾಗಬಹುದು. ವಿಷಯದ ಸಾಲಿನಲ್ಲಿ ಬರೀ ‘ಪರಿಚಯ’ ಎಂದು ಬರೆದರೆ ಮೂರು ತಿಂಗಳ ನಂತರ ಹುಡುಕುವವರಿಗೆ ಸಿಗುವುದಿಲ್ಲ, ಆದ್ದರಿಂದ ಇಬ್ಬರ ಹೆಸರು ಮತ್ತು ಕೆಲಸ ಅದರಲ್ಲಿರಲಿ. ಒಪ್ಪಿಗೆ ಇಲ್ಲದೆ ಮೊಬೈಲ್ ಸಂಖ್ಯೆ ಕೊಡಬೇಡಿ. ಒಬ್ಬರಿಗೆ ಕನ್ನಡದಲ್ಲಿ ಬರೆಯುವ ರೂಢಿಯಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಬರೆದು, ಮಾತುಕತೆ ಕನ್ನಡದಲ್ಲಿ ನಡೆಯಬಹುದೇ ಎಂಬುದನ್ನೂ ಅಲ್ಲೇ ತಿಳಿಸಿದರೆ ಇಬ್ಬರಿಗೂ ಮುಜುಗರವಿಲ್ಲ.

> ವಿಷಯ: ಪರಿಚಯ – (ಹೆಸರು), ಸಜ್ಜೆ ಹಿಟ್ಟಿನ ಘಟಕ, ಕೊಪ್ಪಳ ಮತ್ತು (ಹೆಸರು), ಆಹಾರ ವಿಜ್ಞಾನಿ, ಮೈಸೂರು
>
> ಸರ್, ಮೇಡಂ, ಇಬ್ಬರಿಗೂ ನಮಸ್ಕಾರ.
>
> ಸರ್, ನಾನು ಹೇಳಿದ್ದ ಕೊಪ್ಪಳದ ಉದ್ಯಮಿ ಇವರೇ. ಇವರ ಘಟಕ ವರ್ಷವಿಡೀ ನಡೆಯುತ್ತದೆ, ಪ್ರತಿ ಬಾರಿ ಬೀಸಿದ ಹಿಟ್ಟಿನ ಲೆಕ್ಕ ಇವರಲ್ಲಿದೆ. ಶಾಖ ಕೊಟ್ಟ ಕಾಳಿನ ಹಿಟ್ಟು ಬೇರೆ ಬೇರೆ ಋತುಗಳಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನಿಜವಾದ ಮಾರಾಟದಲ್ಲೇ ನೋಡಲು ನಿಮಗೆ ಅವಕಾಶವಾಗುತ್ತದೆ.
>
> ಮೇಡಂ, ಹಿಟ್ಟು ಕಹಿಯಾಗದಂತೆ ಬೀಸುವ ಮೊದಲೇ ಕಾಳನ್ನು ಸಂಸ್ಕರಿಸುವುದು ಸರ್ ಅವರ ಕೆಲಸದ ವಿಷಯ. ಎಷ್ಟು ಶಾಖ, ಎಷ್ಟು ಹೊತ್ತು, ನಿಮ್ಮ ಘಟಕಕ್ಕೆ ಅದು ಕೈಗೆಟುಕುತ್ತದೆಯೇ ಎಂಬುದನ್ನು ಅವರೊಂದಿಗೆ ಚರ್ಚಿಸಬಹುದು. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ ಎಂಬುದು ಗಮನದಲ್ಲಿರಲಿ.
>
> ಮೇಡಂ, ಮುಂದಿನ ವಾರ ನಿಮಗೆ ಅನುಕೂಲವಾದ ಎರಡು ಸಮಯಗಳನ್ನು ಸರ್ ಅವರಿಗೆ ಬರೆದು ತಿಳಿಸಿ. ಅರ್ಧ ಗಂಟೆಯ ಫೋನ್ ಮಾತುಕತೆಗೆ ಅವರು ಒಪ್ಪಿದ್ದಾರೆ.

ಪ್ರತಿಯೊಬ್ಬರ ಲಾಭವನ್ನೂ ಅವರವರನ್ನೇ ಉದ್ದೇಶಿಸಿ ಬರೆದಿರುವುದನ್ನು ಗಮನಿಸಿ. ಇಬ್ಬರೂ ಎರಡೂ ಭಾಗಗಳನ್ನು ಓದುವುದರಿಂದ, ಎದುರಿನವರು ತಮ್ಮಿಂದ ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದು ಕೇಳದೆಯೇ ತಿಳಿಯುತ್ತದೆ. ಸಮಯ ಕೊಡುತ್ತಿರುವವರನ್ನು ಮೊದಲು ಸಂಬೋಧಿಸಿ, ಮುಂದಿನ ಹೆಜ್ಜೆಯ ಹೊಣೆಯನ್ನು ಕೇಳಿದವರ ಮೇಲೆ ಹಾಕಿದೆ. ‘ಪ್ರಯೋಗದ ಹಂತದಲ್ಲಿದೆ’ ಎಂಬ ಎಚ್ಚರಿಕೆಯನ್ನು ಬಿಟ್ಟಿದ್ದರೆ ಉದ್ಯಮಿ ಮರುದಿನವೇ ಹೊಸ ಯಂತ್ರಕ್ಕೆ ದರಪಟ್ಟಿ ತರಿಸುವ ಸಂಭವವಿತ್ತು.

ಆ ಮೇಲೆ

ಉದ್ಯಮಿ ಒಂದೆರಡು ದಿನದೊಳಗೆ `Reply all` ಒತ್ತಿ ಉತ್ತರಿಸಬೇಕು. ಹಾಗೆ ಉತ್ತರಿಸುವಾಗ ನಿಮ್ಮ ವಿಳಾಸವನ್ನು `To` ಸಾಲಿನಿಂದ ತೆಗೆದು `Bcc`ಗೆ ಹಾಕಿ, ‘ಪರಿಚಯಿಸಿದ್ದಕ್ಕೆ ಧನ್ಯವಾದ, ನಿಮ್ಮನ್ನು ಇನ್ನು ಈ ಸರಣಿಯಿಂದ ಬಿಡಿಸುತ್ತಿದ್ದೇನೆ’ ಎಂದು ಬರೆಯುವುದು ಒಳ್ಳೆಯ ರೂಢಿ. ಮಾತುಕತೆ ಶುರುವಾಯಿತೆಂದು ನಿಮಗೆ ತಿಳಿಯುತ್ತದೆ, ಆಮೇಲಿನ ದಿನಾಂಕ ಹೊಂದಿಸುವ ಪತ್ರಗಳು ನಿಮ್ಮ ಪೆಟ್ಟಿಗೆಗೆ ಬರುವುದಿಲ್ಲ. ಈ ರೂಢಿ ಗೊತ್ತಿಲ್ಲದವರಿಗೆ ಮೊದಲೇ ಫೋನಿನಲ್ಲಿ ಹೇಳಿಕೊಡಬಹುದು. `Bcc`ಯಲ್ಲಿ ಬಂದ ಪತ್ರಕ್ಕೆ ನೀವು ಮಾತ್ರ `Reply all` ಒತ್ತಬೇಡಿ: ನಿಮ್ಮ ಉತ್ತರ ಇಬ್ಬರಿಗೂ ಹೋಗಿ, ಬಿಡಿಸಿಕೊಂಡ ಸರಣಿಗೆ ನೀವೇ ಮತ್ತೆ ಸೇರಿಕೊಂಡಂತಾಗುತ್ತದೆ.

ವಾರ ಕಳೆದರೂ ಉದ್ಯಮಿಯಿಂದ ಪತ್ರ ಹೊರಡದಿದ್ದರೆ ಅವರೊಬ್ಬರಿಗೇ ಫೋನ್ ಮಾಡಿ ವಿಚಾರಿಸಿ, ಏಕೆಂದರೆ ಈಗ ಕಾಯುತ್ತಿರುವವರು ಸಮಯ ಕೊಡಲು ಒಪ್ಪಿದವರು. ಉದ್ಯಮಿ ಬರೆದೂ ವಿಜ್ಞಾನಿಯಿಂದ ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ನೀವು ವಿಜ್ಞಾನಿಗೆ ಒಂದು ಸಾಲು ಬರೆಯಬಹುದು, ಅದೂ ಒಮ್ಮೆ ಮಾತ್ರ. ಪ್ರಯೋಗ ನಡೆದು ಫಲಿತಾಂಶ ಬಂದಾಗ, ಕಹಿಯಾಗುವುದು ನಿಂತಿತೋ ಇಲ್ಲವೋ, ಒಂದು ಸಾಲಿನಲ್ಲಿ ತಿಳಿಸುವಂತೆ ಉದ್ಯಮಿಯನ್ನು ಕೇಳಿಕೊಂಡಿರಿ. ಮುಂದೆ ಇನ್ನೊಂದು ಸಜ್ಜೆ ಘಟಕದವರು ಇದೇ ಕೋರಿಕೆ ಹಿಡಿದು ಬಂದಾಗ ಎರಡನೆಯ ವಾಕ್ಯ ಬರೆಯಲು ಆ ವಿವರ ಬೇಕಾಗುತ್ತದೆ.