ಡಿಮ್ಯಾಂಡ್ ಲೆಟರ್ ಬಂದಾಗ ಒಟ್ಟು ಶೇಕಡಾ ನೋಡಿ

ಶಿವಮೊಗ್ಗದಲ್ಲಿ ಕಟ್ಟುತ್ತಿರುವ ಫ್ಲ್ಯಾಟಿಗೆ ಹೋಮ್ ಲೋನ್ ಮಾಡಿದವರಿಗೆ ಒಂದು ಸಲಹೆ. ಬಿಲ್ಡರ್ ಡಿಮ್ಯಾಂಡ್ ಲೆಟರ್ ಕಳಿಸಿದಾಗ ಆ ಕಂತನ್ನು ಮಾತ್ರ ನೋಡಬೇಡಿ. ಅಗ್ರಿಮೆಂಟಿನ ಹಂತಗಳ ಪಟ್ಟಿ ತೆಗೆದು ಇಲ್ಲಿವರೆಗಿನ ಶೇಕಡಾ ಕೂಡಿಸಿ. ಅದರಲ್ಲಿ ನೀವು ಕೊಟ್ಟಿದ್ದನ್ನೂ ಬ್ಯಾಂಕ್ ಬಿಟ್ಟಿದ್ದನ್ನೂ ಕಳೆಯಿರಿ. ಉಳಿದದ್ದಷ್ಟೇ ಈಗಿನ ಬಾಕಿ. ಬಿಡಿಯಾಗಿ ನೋಡಿದರೆ ಪ್ರತಿ ಲೆಟರೂ ಸರಿಯಾಗೇ ಕಾಣುತ್ತದೆ. ಹಿಂದಿನ ಪಾವತಿ ಜಮಾ ಆಗದೇ ಇದ್ದರೆ ಒಟ್ಟು ಲೆಕ್ಕದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಬೆಲೆ 50 ಲಕ್ಷ, ಮಂಜೂರಾದ ಸಾಲ 40 ಲಕ್ಷ, ನಿಮ್ಮ ಕೈಯಿಂದ 10 ಲಕ್ಷ ಅಂದುಕೊಳ್ಳಿ. ಎರಡನೇ ಮಹಡಿಯ ಸ್ಲ್ಯಾಬಿಗೆ ಒಟ್ಟು 55% ಆದರೆ 27.5 ಲಕ್ಷ. ನಿಮ್ಮ 10, ಬ್ಯಾಂಕಿನ 12.5 ಹೋಗಿದ್ದರೆ ಬಾಕಿ 5 ಲಕ್ಷ. ಲೆಟರಿನಲ್ಲಿ 7.5 ಇದ್ದರೆ ಬಿಲ್ಡರ್ ಹತ್ತಿರ ಲೆಡ್ಜರ್ ಕಾಪಿ ಕೇಳಿ, ಲೆಕ್ಕ ಸರಿಯಾದ ಮೇಲೆ ಲೆಟರನ್ನು ಬ್ಯಾಂಕಿಗೆ ಕೊಡಿ. ಈ 5 ಲಕ್ಷ ಹೋದ ಮೇಲೆ ಮಂಜೂರಾತಿಯಲ್ಲಿ 22.5 ಲಕ್ಷ ಉಳಿಯಬೇಕು, ಮುಂದಿನ 45% ಕೂಡ ಅಷ್ಟೇ. ಸಾಲದಲ್ಲಿ ಕಡಿಮೆ ಉಳಿದಿದ್ದರೆ, ಜಾಸ್ತಿ ಸಲ ಜಿಎಸ್‌ಟಿಯೂ ಸಾಲದಿಂದಲೇ ಹೋಗಿರುತ್ತದೆ. 5% ದರದಲ್ಲಿ 27.5 ಲಕ್ಷಕ್ಕೆ ಅದೇ 1,37,500 ರೂಪಾಯಿ. ಕೊನೆ ಕಂತಿನ ಹೊತ್ತಿಗೆ ಅಷ್ಟನ್ನು ಕೈಯಿಂದ ಹೊಂದಿಸಬೇಕಾಗುತ್ತದೆ, ಈಗಲೇ ಗೊತ್ತಾದರೆ ಒಳ್ಳೇದಲ್ವಾ? ಆದರೆ ಸ್ವಂತ ಸೈಟಿನಲ್ಲಿ ಮನೆ ಕಟ್ಟುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬ್ಯಾಂಕ್ ಹಣ ಬಿಡುವುದು ಎಂಜಿನಿಯರ್ ಎಸ್ಟಿಮೇಟ್ ಮತ್ತು ಸ್ಥಳ ಪರಿಶೀಲನೆಯ ಮೇಲೆ. ತೀರ್ಥಹಳ್ಳಿ ಕಡೆಯ ಇಳಿಜಾರು ಸೈಟಿನಲ್ಲಿ ತಡೆಗೋಡೆ ಕಟ್ಟಿಸಿ, ಅದು ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ, ಆ ಖರ್ಚು ಹಂತದ ಲೆಕ್ಕಕ್ಕೇ ಬರುವುದಿಲ್ಲ.